‘ಅಕ್ಸೆಪ್ಟ್’ ಒತ್ತೋಕೆ ಮುಂಚೆ

2025ರ ಜುಲೈ ತಿಂಗಳ ಒಂದು ಗುರುವಾರ, ರಾತ್ರಿ ಎಂಟೂವರೆಗೆ ಚಿಕ್ಕಪ್ಪನ ಮಗಳು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಅರ್ಧ ಕೆಜಿ ಮೈಸೂರ್‌ಪಾಕ್.

“ಅಣ್ಣಾ, ಆಫರ್ ಲೆಟರ್ ನಿನ್ನೆ ಬಂತು. ನಾಳೆ ಸಂಜೆ ಒಳಗೆ ಅಕ್ಸೆಪ್ಟ್ ಮಾಡ್ಬೇಕಂತೆ. ಬೆಳಗ್ಗೆ ಆಫೀಸಿಗೆ ಹೋದ ತಕ್ಷಣ ಪೇಪರ್ ಹಾಕಿಬಿಡ್ತೀನಿ” ಅಂದಳು. ತುಮಕೂರಿನಲ್ಲಿ ಚಿಕ್ಕಮ್ಮ ಆಗಲೇ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿ ಆಗಿತ್ತಂತೆ.

“ಲೆಟರ್ ಪೂರ್ತಿ ಓದಿದ್ಯಾ?” ಅಂತ ಕೇಳಿದೆ.

“ಓದಿದೀನಿ ಅಣ್ಣ. ಒಂಬತ್ತು ಅರವತ್ತು ಅಂತ ಇದೆ. ಅಷ್ಟೇ ತಾನೇ?”

ಆರು ಪುಟದ ಪಿಡಿಎಫ್‌ನಲ್ಲಿ ಅವಳು ಓದಿದ್ದು ಮೊದಲ ಪುಟದ ಮೂರನೇ ಸಾಲು ಮಾತ್ರ. ಅವಳನ್ನು ಬೈಯೋ ಹಕ್ಕು ನನಗಿಲ್ಲ. ನನ್ನ ಮೊದಲ ಕಂಪನಿಯ ಲೆಟರನ್ನು ನಾನೂ ಹಾಗೇ ಓದಿದ್ದೆ. ಮೊದಲ ಪುಟಗಳಲ್ಲಿ ನೋಟಿಸ್ ಪೀರಿಯಡ್ ಎರಡು ತಿಂಗಳು ಅಂತಿತ್ತು, ಕೊನೆಯ ಅನೆಕ್ಷರ್‌ನಲ್ಲಿ ಮೂರು ತಿಂಗಳು. ಬಿಡುವ ದಿನ ಬಂದಾಗ ಎಚ್‌ಆರ್ ಅನೆಕ್ಷರ್ ತೋರಿಸಿದರು. ಎರಡರಲ್ಲಿ ವ್ಯತ್ಯಾಸ ಇದ್ದರೆ ಅನೆಕ್ಷರ್‌ನಲ್ಲಿ ಇರೋದೇ ಅಂತಿಮ ಅನ್ನೋ ಸಾಲನ್ನೂ ತೋರಿಸಿದರು. ಹೊಸ ಕಂಪನಿ ಕಾಯಲಿಲ್ಲ. ಒಂದು ತಿಂಗಳ ಬೇಸಿಕ್, 28,000 ರೂಪಾಯಿ, ಕಟ್ಟಿ ಬಂದೆ.

ಸಾಫ್ಟ್‌ವೇರ್ ಬರೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಆಫರ್ ಲೆಟರ್ ಅನ್ನೋದನ್ನ ಯಾರೂ ಕೂತು ಮೊದಲಿಂದ ಕೊನೆವರೆಗೆ ಬರೆಯೋದಿಲ್ಲ. ಹಳೇ ಟೆಂಪ್ಲೇಟ್ ಒಂದಿರುತ್ತೆ. ಹೆಸರು, ತಾರೀಖು ಎಚ್‌ಆರ್ ಟೂಲ್‌ನಿಂದ ಬರುತ್ತೆ. ಸಂಬಳದ ಪಟ್ಟಿ ಇನ್ಯಾರದೋ ಎಕ್ಸೆಲ್ ಶೀಟಿಂದ ಬರುತ್ತೆ. ನಿಯಮಗಳ ಪುಟವನ್ನು ಲೀಗಲ್‌ನವರು ಯಾವತ್ತೋ ಬರೆದಿರುತ್ತಾರೆ. ಒಂದೇ ಮಾಹಿತಿ ಮೂರು ಕಡೆ ಕೈಯಿಂದ ಟೈಪ್ ಆದರೆ ಒಂದಲ್ಲ ಒಂದು ಕಡೆ ಹಳೇದು ಉಳಿದುಹೋಗುತ್ತೆ. ಹೆಚ್ಚಿನ ಸಲ ಇದರಲ್ಲಿ ಯಾರ ಕುತಂತ್ರವೂ ಇರೋಲ್ಲ. ಆದರೆ ಸಹಿ ಹಾಕಿದ ಮೇಲೆ ಆ ತಪ್ಪು ನಮ್ಮ ಪಾಲಿಗೆ ಬರುತ್ತೆ.

ಹಾಗಾಗಿ ಈ ಲೆಟರನ್ನು ಕಥೆ ಥರ ಮೇಲಿಂದ ಕೆಳಗೆ ಓದಬಾರದು, ಅಡ್ಡಡ್ಡ ಓದಬೇಕು. ಒಂದು ಹಾಳೆ ತಗೊಂಡು ಎಡಕ್ಕೆ ನಾಲ್ಕು ಹೆಸರು ಬರಿ ಅಂದೆ: ಸಂಬಳ, ಹುದ್ದೆ, ನೋಟಿಸ್, ಸೇರುವ ದಿನ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ `Ctrl+F` ಒತ್ತಿ, ಪ್ರತಿಯೊಂದೂ ಪತ್ರದಲ್ಲಿ ಎಲ್ಲೆಲ್ಲಿ ಬರುತ್ತೋ ಹುಡುಕಿ, ಪುಟದ ನಂಬರ್ ಜೊತೆ ಅಲ್ಲಿರೋ ಪದಗಳನ್ನ ಹಾಗೆಹಾಗೇ ಬರಿಯೋದು. ‘ಸುಮಾರು ಇದೇ ಅರ್ಥ’ ಅಂತ ನಾವೇ ತಿದ್ದಿಕೊಂಡು ಬರೆಯೋ ಹಾಗಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಹುಡುಕಾಟ ಕೆಲಸ ಮಾಡೋಲ್ಲ, ಆಗ ಪ್ರಿಂಟ್ ತೆಗೆದು ಪೆನ್ ಹಿಡಿಯಬೇಕು. ಫೋನಿನಲ್ಲಂತೂ ಈ ಕೆಲಸ ಬೇಡ. ಎರಡು ಪುಟ ಅಕ್ಕಪಕ್ಕ ಕಾಣದಿದ್ದರೆ ವ್ಯತ್ಯಾಸವೂ ಕಾಣೋದಿಲ್ಲ.

ಮೊದಲು ಸಂಬಳ. ಮೊದಲ ಪುಟದಲ್ಲಿ “ನಿಮ್ಮ ವಾರ್ಷಿಕ ಫಿಕ್ಸೆಡ್ ಕಾಂಪೆನ್ಸೇಶನ್ 9,60,000 ರೂಪಾಯಿ” ಅಂತ ಇತ್ತು. ಐದನೇ ಪುಟದ ಪಟ್ಟಿಯಲ್ಲೂ ಕೊನೆಗೆ 9,60,000 ಇತ್ತು. ಎರಡೂ ಒಂದೇ, ಸರಿ ಇದೆ ಅಂತ ಅವಳು ಮುಂದೆ ಹೋಗೋಕೆ ಹೊರಟಳು. ಕೊನೆ ಸಾಲು ನೋಡಬೇಡ, ಪ್ರತಿ ಸಾಲು ಕೂಡಿಸು ಅಂದೆ.

ತಿಂಗಳ ಕಾಲಂನಲ್ಲಿ ಬೇಸಿಕ್ 37,500, ಎಚ್‌ಆರ್‌ಎ 15,000, ಸ್ಪೆಷಲ್ ಅಲೋವೆನ್ಸ್ 16,196 ಇತ್ತು. ಅದರ ಕೆಳಗೆ ಕಂಪನಿ ಪಾಲಿನ ಪಿಎಫ್ 4,500, ಗ್ರಾಚ್ಯುಯಿಟಿ 1,804. ಎಲ್ಲಾ ಕೂಡಿಸಿದರೆ 75,000. ಹನ್ನೆರಡರಿಂದ ಗುಣಿಸಿದರೆ ಒಂಬತ್ತು ಲಕ್ಷ, ಒಂಬತ್ತು ಅರವತ್ತಲ್ಲ. ಉಳಿದ 60,000 ಎಲ್ಲಿ ಅಂತ ನೋಡಿದರೆ, ತಿಂಗಳ ಕಾಲಂ ಖಾಲಿ ಬಿಟ್ಟು ವರ್ಷದ ಕಾಲಂನಲ್ಲಿ ಮಾತ್ರ ಒಂದು ಸಾಲು ಇತ್ತು: ವೇರಿಯಬಲ್ ಪೇ. ಅದರ ತಲೆ ಮೇಲೆ ಒಂದು ಪುಟ್ಟ ನಕ್ಷತ್ರ. ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ, ಇದು ಕಂಪನಿಯ ಮತ್ತು ನೌಕರರ ಸಾಧನೆಯ ಮೇಲೆ ನಿಂತಿದೆ, ಕೊಡುವ ದಿನ ನೋಟಿಸ್‌ನಲ್ಲಿ ಇರುವವರಿಗೆ ಸಿಗೋದಿಲ್ಲ ಅಂತ.

ಅಂದರೆ ಮೊದಲ ಪುಟದ ಫಿಕ್ಸೆಡ್ ಒಂಬತ್ತು ಅರವತ್ತು, ಐದನೇ ಪುಟದಲ್ಲಿ ಒಂಬತ್ತು ಫಿಕ್ಸೆಡ್ ಪ್ಲಸ್ ಅರವತ್ತು ಸಾವಿರ ವೇರಿಯಬಲ್ ಆಗಿತ್ತು. ರಿಕ್ರೂಟರ್ ಫೋನಲ್ಲಿ ಏನು ಹೇಳಿದ್ರು ಅಂತ ಕೇಳಿದೆ. “ಒಂಬತ್ತು ಅರವತ್ತು ಫಿಕ್ಸೆಡ್, ವೇರಿಯಬಲ್ ಅದರ ಮೇಲೆ ಅಂದ್ರು. ಮೇಲ್‌ನಲ್ಲೂ ಹಾಗೇ ಹಾಕಿದಾರೆ” ಅಂದಳು. ಆ ಮೇಲ್ ಹುಡುಕಿಸಿ ಪಕ್ಕಕ್ಕೆ ಇಡಿಸಿದೆ.

ಕೈಗೆ ಎಷ್ಟು ವ್ಯತ್ಯಾಸ ಬರುತ್ತೆ ಅಂತಲೂ ಲೆಕ್ಕ ಹಾಕಿದ್ವಿ. ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಯಿಟಿ ಎರಡೂ ತಿಂಗಳ ಸಂಬಳದ ಜೊತೆ ಅಕೌಂಟಿಗೆ ಬರೋ ದುಡ್ಡಲ್ಲ. ಉಳಿದ ಮೊದಲ ಮೂರು ಸಾಲು ಸೇರಿ 68,696. ಅದರಲ್ಲಿ ಅವಳ ಪಾಲಿನ ಪಿಎಫ್ ಇನ್ನೊಂದು 4,500, ವೃತ್ತಿ ತೆರಿಗೆ 200 ಹೋದರೆ, ಆದಾಯ ತೆರಿಗೆಗೆ ಮುಂಚೆ 63,996. ನಿಜವಾಗಲೂ ಫಿಕ್ಸೆಡ್ ಒಂಬತ್ತು ಅರವತ್ತು ಆಗಿದ್ದು, ಬೇಸಿಕ್ ಇದೇ ಪ್ರಮಾಣದಲ್ಲಿ ಅರ್ಧ ಇದ್ದಿದ್ದರೆ ಸುಮಾರು 68,300 ಬರುತ್ತಿತ್ತು. ತಿಂಗಳಿಗೆ 4,300 ರೂಪಾಯಿ ವ್ಯತ್ಯಾಸ. ಪಿಜಿ ಬಾಡಿಗೆಯ ಅರ್ಧ ಅಂತ ಅವಳೇ ಹೇಳಿದಳು. ಮೈಸೂರ್‌ಪಾಕ್ ಡಬ್ಬ ಅಲ್ಲೀವರೆಗೂ ತೆರೆದೇ ಇರಲಿಲ್ಲ.

ಸಂಬಳದಲ್ಲೇ ಇನ್ನೊಂದು ಇತ್ತು. ಮೊದಲ ಪುಟದಲ್ಲಿ ಅಂಕಿ 9,60,000, ಅದರ ಮುಂದೆ ಅಕ್ಷರದಲ್ಲಿ “ನೈನ್ ಲ್ಯಾಖ್ ಸಿಕ್ಸ್ ಥೌಸಂಡ್ ಓನ್ಲಿ”. ಸಿಕ್ಸ್ಟಿ ಇರಬೇಕಾದ ಕಡೆ ಸಿಕ್ಸ್. ಕಣ್ಣು ಅಂಕಿ ನೋಡಿದ ಮೇಲೆ ಅಕ್ಷರವನ್ನ ಓದೋದೇ ಇಲ್ಲ, ಅದೇ ಇಲ್ಲಿನ ಸಮಸ್ಯೆ. ಚೆಕ್‌ನಲ್ಲಿ ಅಂಕಿ, ಅಕ್ಷರ ಬೇರೆಬೇರೆ ಇದ್ದರೆ ಅಕ್ಷರದಲ್ಲಿ ಬರೆದ ಮೊತ್ತವೇ ಲೆಕ್ಕ ಅಂತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್‌ನ 18ನೇ ಸೆಕ್ಷನ್ ಹೇಳುತ್ತೆ. ಆಫರ್ ಲೆಟರ್ ಚೆಕ್ ಅಲ್ಲ, ಆ ಕಾನೂನು ನೇರವಾಗಿ ಇದಕ್ಕೆ ಅನ್ವಯ ಆಗೋಲ್ಲ. ಆದರೆ ಬೇರೆ ಕಾಗದಪತ್ರಗಳನ್ನ ಓದುವಾಗಲೂ ಸಾಮಾನ್ಯವಾಗಿ ಅಕ್ಷರಕ್ಕೇ ಹೆಚ್ಚು ಬೆಲೆ. ಟೈಪಿಂಗ್ ಮಿಸ್ಟೇಕ್ ಅಂತ ನಕ್ಕು ಬಿಡೋದಕ್ಕಿಂತ ತಿದ್ದಿಸಿಕೊಳ್ಳೋದು ಸುಲಭ.

ಎರಡನೇದು ಹುದ್ದೆ. ಸಬ್ಜೆಕ್ಟ್ ಸಾಲಿನಲ್ಲಿ ಸೀನಿಯರ್ ಸಾಫ್ಟ್‌ವೇರ್ ಇಂಜಿನಿಯರ್. ಎರಡನೇ ಪುಟದಲ್ಲಿ ಬರೀ ಸಾಫ್ಟ್‌ವೇರ್ ಇಂಜಿನಿಯರ್. ಸಂಬಳದ ಪಟ್ಟಿಯ ತಲೆಯಲ್ಲಿ ಅಸೋಸಿಯೇಟ್, ಗ್ರೇಡ್ ಎಲ್2. ಮೂರು ಕಡೆ ಮೂರು ಹೆಸರು.

“ಹೆಸರಲ್ಲಿ ಏನಿದೆ ಬಿಡು ಅಣ್ಣ, ಕೆಲಸ ಒಂದೇ ತಾನೇ” ಅಂದಳು. ಕೆಲಸ ಒಂದೇ ಇರಬಹುದು. ಆದರೆ ಪ್ರಮೋಷನ್, ಹೈಕ್ ಲೆಕ್ಕ ಹಾಕೋದು ಗ್ರೇಡ್ ನೋಡಿ. ನಾಳೆ ಈ ಕಂಪನಿ ಬಿಟ್ಟಾಗ ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ ಅಚ್ಚಾಗೋದು ಎಚ್‌ಆರ್ ಸಿಸ್ಟಮ್‌ನಲ್ಲಿ ಇರೋ ಹೆಸರು. ಇವಳು ರೆಸ್ಯೂಮೆಯಲ್ಲಿ ಸೀನಿಯರ್ ಅಂತ ಬರೆದುಕೊಂಡಿರುತ್ತಾಳೆ. ಆಮೇಲಿನ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಎರಡನ್ನೂ ಹೋಲಿಸಿ ‘ಡಿಸ್ಕ್ರೆಪೆನ್ಸಿ’ ಅಂತ ಕೆಂಪು ಗುರುತು ಹಾಕುತ್ತಾರೆ. ಸುಳ್ಳು ಹೇಳದೇ ಇದ್ದರೂ ಸುಳ್ಳು ಹೇಳಿದವರ ಥರ ವಿವರಣೆ ಕೊಡಬೇಕಾಗುತ್ತೆ.

ಕಂಪನಿಯ ಒಳಗಿನ ಗ್ರೇಡ್ ಒಂದು, ಹೊರಗೆ ಹೇಳಿಕೊಳ್ಳೋ ಡೆಸಿಗ್ನೇಶನ್ ಇನ್ನೊಂದು ಇರೋದು ತಪ್ಪೇನಲ್ಲ, ತುಂಬಾ ಕಡೆ ಇದೆ. ಹಾಗಿದ್ದರೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು, ಯಾವುದು ಯಾವುದು ಅಂತ ಹೇಳಿದರೆ ಸಾಕು. ಪತ್ರದಲ್ಲಿ ಹಾಗೆ ಹೇಳದೇ ಇದ್ದಾಗ ಮಾತ್ರ ಕೇಳಬೇಕು.

ಮೂರನೇದು ನೋಟಿಸ್ ಪೀರಿಯಡ್, ನನ್ನ ಹಳೇ ಗಾಯ. ಎಂಟನೇ ಕ್ಲಾಸ್‌ನಲ್ಲಿ ಯಾವ ಕಡೆಯವರು ಬಿಟ್ಟರೂ 60 ದಿನ ಅಂತ. ಕೊನೇ ಪುಟದ ಸಾರಾಂಶದ ಪಟ್ಟಿಯಲ್ಲಿ 90 ದಿನ. ಸಂಖ್ಯೆ ಹೊಂದಿಕೆ ಆಗದೇ ಇರೋದು ಕಣ್ಣಿಗೆ ಬೇಗ ಬೀಳುತ್ತೆ. ಅದರ ಸುತ್ತ ಇರೋ ಪದಗಳನ್ನೂ ನೋಡು ಅಂದೆ. ‘ದಿನ’ ಅಂದರೆ ಕ್ಯಾಲೆಂಡರ್ ದಿನವೋ, ಕೆಲಸದ ದಿನವೋ? ವಾರಕ್ಕೆ ಐದು ದಿನ ಕೆಲಸ ಇರೋ ಕಡೆ 60 ಕೆಲಸದ ದಿನ ಅಂದರೆ ಹನ್ನೆರಡು ವಾರ, ಅಂದರೆ 84 ದಿನ. ಅವಳ ಪತ್ರದಲ್ಲಿ ಬರೀ ‘ಡೇಸ್’ ಅಂತಿತ್ತು. ನೋಟಿಸ್ ಬದಲು ದುಡ್ಡು ಕಟ್ಟೋದಾದರೆ ಬೇಸಿಕ್ ಲೆಕ್ಕದಲ್ಲೋ, ಪೂರ್ತಿ ಸಂಬಳದ ಲೆಕ್ಕದಲ್ಲೋ ಅನ್ನೋದೂ ಇರಲಿಲ್ಲ. ಇವಳ ಪಟ್ಟಿಯಲ್ಲಿ ಒಂದು ತಿಂಗಳಿಗೆ ಅದು 37,500 ಆಗಬಹುದು ಅಥವಾ 68,696 ಆಗಬಹುದು.

ಗೊಂದಲ ಇರೋ ಸಾಲನ್ನು ಬರೆದವರ ವಿರುದ್ಧವೇ ಅರ್ಥ ಮಾಡಬೇಕು ಅನ್ನೋ ತತ್ವ ಕಾನೂನಿನಲ್ಲಿ ಇದೆ ನಿಜ. ಆದರೆ ರಿಲೀವಿಂಗ್ ಲೆಟರ್ ಕೈಗೆ ಬರಬೇಕಾದ ವಾರದಲ್ಲಿ ಯಾರು ಕೋರ್ಟಿಗೆ ಹೋಗ್ತಾರೆ? ಆ ವಾರ ಯಾರ ಹತ್ತಿರ ಲೆಟರ್ ಇರುತ್ತೋ ಅವರು ಹೇಳಿದ್ದೇ ಅರ್ಥ.

ನಾಲ್ಕನೇದು ಸೇರುವ ದಿನ. ಅತಿ ಚಿಕ್ಕದು ಅಂದುಕೊಂಡಿದ್ದು ಅತಿ ಅಪಾಯದ್ದಾಗಿತ್ತು. ಮೊದಲ ಪುಟದಲ್ಲಿ 8 ಸೆಪ್ಟೆಂಬರ್ 2025 ಅಂತ ತಿಂಗಳ ಹೆಸರು ಬರೆದೇ ಹಾಕಿದ್ದರು. ಕೊನೇ ಪುಟದ ಪಟ್ಟಿಯಲ್ಲಿ 09/08/2025. ನಾವು ಓದೋ ರೀತಿಯಲ್ಲಿ ಅದು ಆಗಸ್ಟ್ 9. ಆ ಪಟ್ಟಿಯನ್ನ ಅಮೆರಿಕದ ಪದ್ಧತಿಯಲ್ಲಿ, ತಿಂಗಳು ಮೊದಲು ಬರೆಯೋ ಟೂಲ್ ತಯಾರಿಸಿದೆ ಅಂತ ಊಹಿಸಿದ್ವಿ. ಕ್ಯಾಲೆಂಡರ್ ತೆಗೆದು ನೋಡಿದರೆ ಸೆಪ್ಟೆಂಬರ್ 8 ಸೋಮವಾರ, ಆಗಸ್ಟ್ 9 ಶನಿವಾರ. ಶನಿವಾರ ರಜಾ ಇರೋ ಕಂಪನಿ ಆ ದಿನ ಯಾರನ್ನೂ ಸೇರಿಸಿಕೊಳ್ಳೋದಿಲ್ಲ. ತಾರೀಖಿನ ಮೇಲೆ ಅನುಮಾನ ಬಂದಾಗ ವಾರ ನೋಡೋದು ಒಳ್ಳೇ ಪರೀಕ್ಷೆ.

ಹಾಗಾದರೆ ಸೆಪ್ಟೆಂಬರ್ 8 ಸರಿ, ಮುಗೀತಾ? ಇಲ್ಲ. ಸೇರುವ ದಿನವನ್ನ ಹೊಸ ಪತ್ರದೊಳಗೆ ಮಾತ್ರ ಹೋಲಿಸಿದರೆ ಸಾಲದು, ಹಳೇ ಕಂಪನಿಯ ಪತ್ರದ ಜೊತೆಗೂ ಹೋಲಿಸಬೇಕು. ಅವಳ ಈಗಿನ ಕಂಪನಿಯಲ್ಲಿ ನೋಟಿಸ್ 60 ಕ್ಯಾಲೆಂಡರ್ ದಿನ, ರಾಜೀನಾಮೆ ಕೊಟ್ಟ ಮಾರನೇ ದಿನದಿಂದ ಎಣಿಕೆ. ಶುಕ್ರವಾರ ಜುಲೈ 11ಕ್ಕೆ ಪೇಪರ್ ಹಾಕಿದರೆ ಜುಲೈನಲ್ಲಿ 20 ದಿನ, ಆಗಸ್ಟ್‌ನಲ್ಲಿ 31, ಒಟ್ಟು 51. ಇನ್ನು ಒಂಬತ್ತು ದಿನ ಸೆಪ್ಟೆಂಬರ್‌ನಲ್ಲಿ. ಕೊನೇ ಕೆಲಸದ ದಿನ ಸೆಪ್ಟೆಂಬರ್ 9, ಮಂಗಳವಾರ. ಹೊಸ ಕಂಪನಿ ಕರೆದಿದ್ದು ಅದರ ಹಿಂದಿನ ದಿನ.

ಅವಳು ಬೆರಳು ಮಡಚಿ ಮತ್ತೆ ಎಣಿಸಿದಳು. ಅದೇ ಬಂತು. “ಎರಡು ದಿನ ತಾನೇ, ಲೀವ್ ಹಾಕ್ತೀನಿ” ಅಂದಳು. ಲೀವ್ ಹಾಕಿದರೂ ಆ ದಿನ ಅವಳು ಹಳೇ ಕಂಪನಿಯ ನೌಕರಳೇ. ಸೇರಿದ ದಿನ, ಬಿಟ್ಟ ದಿನ ಎರಡೂ ಪಿಎಫ್ ದಾಖಲೆಯಲ್ಲಿ ಇರುತ್ತೆ, ಒಂದರ ಮೇಲೊಂದು ಬಿದ್ದರೆ ಮುಂದೆ ಯಾರು ಬೇಕಾದರೂ ಕೇಳಬಹುದು. ಎರಡು ಕಡೆ ಕೆಲಸ ಮಾಡ್ತಿದ್ರಾ ಅಂತ. ಇನ್ನೊಂದು ಕಡೆ, ಇದೇ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿತ್ತು. ಮೇಲೆ ಹೇಳಿದ ದಿನ ಸೇರದೇ ಇದ್ದರೆ ಈ ಆಫರ್ ತಾನಾಗೇ ರದ್ದಾಗುತ್ತೆ. ಪೇಪರ್ ಹಾಕಿ ಆದ ಮೇಲೆ ಹೊಸ ಆಫರ್ ರದ್ದಾದರೆ ಎರಡೂ ಇಲ್ಲ. ಆ ರಾತ್ರಿ ನಾವು ಹಾಳೆ ಹಿಡಿದು ಕೂತಿದ್ದು ಇದಕ್ಕೇ.

ಅವಳು ಕೇಳಿದ್ದು ಸಹಜವಾದ ಪ್ರಶ್ನೆ. “ನಾಳೆ ಎಚ್‌ಆರ್‌ಗೆ ಫೋನ್ ಮಾಡಿ ಕೇಳ್ತೀನಿ. ಅವರು ಹೂಂ ಅಂದ್ರೆ ಅಕ್ಸೆಪ್ಟ್ ಮಾಡಲಾ?” ಆಗ ಅವಳಿಗೆ ಕೊನೇ ಪುಟದ ಒಂದು ಪ್ಯಾರಾ ಓದಿಸಿದೆ. ಈ ವಿಷಯದಲ್ಲಿ ಈ ಮೊದಲು ಬಾಯಲ್ಲಿ ಅಥವಾ ಬರಹದಲ್ಲಿ ನಡೆದ ಎಲ್ಲಾ ಮಾತುಕತೆಯ ಬದಲಿಗೆ ಈ ಪತ್ರವೇ ಪೂರ್ಣ ಒಪ್ಪಂದ ಅಂತ. ಆಫರ್ ಲೆಟರ್‌ಗಳಲ್ಲಿ ಇದು ಸಾಮಾನ್ಯ. ರಿಕ್ರೂಟರ್ ಹೇಳಿದ ಒಂಬತ್ತು ಅರವತ್ತು ಫಿಕ್ಸೆಡ್, ಫೋನಲ್ಲಿ ಹೇಳೋ “ಅದೆಲ್ಲಾ ನೋಡ್ಕೊಳ್ಳೋಣ ಮೇಡಂ”, ಎರಡೂ ಸಹಿ ಬಿದ್ದ ಕ್ಷಣ ಈ ಪ್ಯಾರಾದೊಳಗೆ ಮುಳುಗಿಹೋಗುತ್ತೆ. ಹಾಗಾಗಿ ಫೋನ್ ಮಾಡು, ಆದರೆ ಮೇಲ್‌ನಲ್ಲಿ ಕೇಳು. ಉತ್ತರ ಬಂದರೂ ಸಾಲದು, ತಿದ್ದಿದ ಹೊಸ ಪತ್ರ, ಹೊಸ ತಾರೀಖಿನ ಜೊತೆ ಬರಬೇಕು. ಅದು ಬಂದ ಮೇಲೆ ಅಕ್ಸೆಪ್ಟ್, ಅದಾದ ಮೇಲೆ ಪೇಪರ್.

ಮೇಲ್ ಚಿಕ್ಕದಾಗಿತ್ತು. ಆಫರ್‌ಗೆ ಧನ್ಯವಾದ, ಸೇರೋ ಇಷ್ಟ ಇದೆ, ಈ ನಾಲ್ಕು ಕಡೆ ಪತ್ರದೊಳಗೇ ಹೊಂದಿಕೆ ಆಗುತ್ತಿಲ್ಲ, ದಯವಿಟ್ಟು ತಿದ್ದಿದ ಪ್ರತಿ ಕಳಿಸಿ, ಅಲ್ಲೀವರೆಗೆ ಅಕ್ಸೆಪ್ಟ್ ಮಾಡೋ ಗಡುವು ಮುಂದೂಡಿ ಅಂತ. ಕೆಳಗೆ ನಾಲ್ಕು ಸಾಲು. ಪ್ರತಿ ಸಾಲಿನಲ್ಲಿ ಈ ಪುಟದಲ್ಲಿ ಹೀಗಿದೆ, ಆ ಪುಟದಲ್ಲಿ ಹಾಗಿದೆ, ಯಾವುದು ಸರಿ ಅನ್ನೋದು. ‘ನೀವು ಮೋಸ ಮಾಡಿದ್ದೀರಿ’ ಅನ್ನೋ ಧಾಟಿ ಎಲ್ಲೂ ಇರಲಿಲ್ಲ. ಸಂಬಳದ ಸಾಲಿಗೆ ರಿಕ್ರೂಟರ್ ಮೇಲ್ ಲಗತ್ತಿಸಿದ್ವಿ. ಸೇರುವ ದಿನಕ್ಕೆ ಸೆಪ್ಟೆಂಬರ್ 22, ಸೋಮವಾರ ಅಂತ ಕೇಳಿದ್ವಿ. 15 ಸಾಕಲ್ವಾ ಅಂದಳು. ತಿದ್ದಿದ ಪತ್ರ ಬರೋಕೆ ಕೆಲವು ದಿನ ಹಿಡಿಯುತ್ತೆ, ಅಷ್ಟು ದಿನ ರಾಜೀನಾಮೆನೂ ಮುಂದೆ ಹೋಗುತ್ತೆ, ಒಂದು ವಾರ ಜಾಗ ಇರಲಿ ಅಂದೆ.

ಶುಕ್ರವಾರ ಬೆಳಗ್ಗೆ ಎಚ್‌ಆರ್ ಫೋನ್ ಮಾಡಿ, ಅದು ಟೆಂಪ್ಲೇಟ್ ಮೇಡಂ, ಎಲ್ಲರಿಗೂ ಹಾಗೇ ಇರುತ್ತೆ, ನೀವು ಅಕ್ಸೆಪ್ಟ್ ಮಾಡಿ, ಆಮೇಲೆ ಸರಿ ಮಾಡ್ತೀವಿ ಅಂದರಂತೆ. ಇವಳು, “ಸರಿ ಸರ್, ಸರಿ ಮಾಡಿದ ತಕ್ಷಣ ಅಕ್ಸೆಪ್ಟ್ ಮಾಡ್ತೀನಿ” ಅಂದಳಂತೆ. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ ಅಂತ ಆಮೇಲೆ ಹೇಳಿದಳು. ಸಂಜೆ ಗಡುವು ಮುಂದೂಡಿದ ಮೇಲ್ ಬಂತು.

ಹೊಸ ಪತ್ರ ಬಂದಿದ್ದು ಮಂಗಳವಾರ, ಜುಲೈ 15ಕ್ಕೆ. ಹುದ್ದೆ ಎಲ್ಲಾ ಕಡೆ ಸೀನಿಯರ್ ಸಾಫ್ಟ್‌ವೇರ್ ಇಂಜಿನಿಯರ್, ಗ್ರೇಡ್ ಬೇರೆ ಸಾಲಿನಲ್ಲಿ. ಸೇರುವ ದಿನ ಸೆಪ್ಟೆಂಬರ್ 22, ಎರಡೂ ಕಡೆ ತಿಂಗಳ ಹೆಸರಿನ ಜೊತೆ. ನೋಟಿಸ್ ಮಾತ್ರ ಅವಳಿಗೆ ಇಷ್ಟ ಆದ ಕಡೆ ತಿರುಗಲಿಲ್ಲ. ಕಂಪನಿಯ ನಿಯಮ 90 ದಿನವೇ ಅಂತೆ, ಎಂಟನೇ ಕ್ಲಾಸ್‌ನಲ್ಲಿದ್ದ 60 ಹಳೇ ಟೆಂಪ್ಲೇಟಿನದು. ಅದನ್ನೂ 90 ಕ್ಯಾಲೆಂಡರ್ ದಿನ ಅಂತ ಮಾಡಿದರು. ಬದಲಿಗೆ ದುಡ್ಡು ಕಟ್ಟೋದಾದರೆ ಬೇಸಿಕ್ ಲೆಕ್ಕದಲ್ಲಿ, ಅದೂ ಕಂಪನಿ ಒಪ್ಪಿದರೆ ಅಂತ ಸೇರಿಸಿದರು. ಸಂಬಳದಲ್ಲಿ ರಿಕ್ರೂಟರ್ ತಪ್ಪಾಗಿ ಹೇಳಿದಾರೆ ಅಂತ ಮೊದಲು ವಾದ ಮಾಡಿ, ಕೊನೆಗೆ ಮಧ್ಯದಲ್ಲಿ ನಿಂತರು. ತಿಂಗಳಿಗೆ 78,000 ಲೆಕ್ಕದಲ್ಲಿ ಫಿಕ್ಸೆಡ್ 9,36,000, ವೇರಿಯಬಲ್ 60,000, ಒಟ್ಟು 9,96,000. ಈ ಸಲ ಅಕ್ಷರದಲ್ಲೂ ಸರಿಯಾಗಿತ್ತು. ಕೇಳಿದ್ದೆಲ್ಲಾ ಸಿಗಲಿಲ್ಲ. ಆದರೆ ಏನು ಸಿಕ್ಕಿದೆ ಅನ್ನೋದು ಸಹಿಗೆ ಮುಂಚೆ ಗೊತ್ತಿತ್ತು.

ಹೊಸ ಪತ್ರವನ್ನೂ ಅಡ್ಡಡ್ಡ ಓದಿಸಿದೆ. ನಾಲ್ಕು ಜಾಗ ತಿದ್ದುವಾಗ ಐದನೇದು ಕೆಟ್ಟಿರಬಹುದು, ಕೋಡ್ ಬರೆಯೋರಿಗೆ ಇದನ್ನ ಹೇಳಬೇಕಾಗಿಲ್ಲ. ಬುಧವಾರ ಜುಲೈ 16ಕ್ಕೆ ಅವಳು ಪೇಪರ್ ಹಾಕಿದಳು. ಅರವತ್ತನೇ ದಿನ ಬಿದ್ದಿದ್ದು ಸೆಪ್ಟೆಂಬರ್ 14, ಭಾನುವಾರ. 15ನೇ ತಾರೀಖು ಒಪ್ಪಿಕೊಂಡಿದ್ದರೆ ಮಾರನೇ ದಿನವೇ ಹೊಸ ಆಫೀಸು. ರಿಲೀವಿಂಗ್ ಲೆಟರ್ ಒಂದು ದಿನ ತಡ ಆಗಿದ್ದರೂ ಕಷ್ಟ ಆಗುತ್ತಿತ್ತು. ಆ ವಾರ ಅವಳು ತುಮಕೂರಲ್ಲಿ ಇದ್ದಳು.

ಸೇರಿದ ದಿನ ಕೈಗೆ ಅಪಾಯಿಂಟ್‌ಮೆಂಟ್ ಲೆಟರ್ ಕೊಟ್ಟರಂತೆ, ಅದು ಹನ್ನೊಂದು ಪುಟ. ಸಹಿ ಹಾಕೋ ಮುಂಚೆ ನನಗೊಂದು ಫೋಟೋ ಕಳಿಸಿದಳು. ಪತ್ರದ್ದಲ್ಲ, ಹಾಳೆಯದು. ಎಡಕ್ಕೆ ನಾಲ್ಕು ಹೆಸರು, ಮುಂದೆ ಪುಟದ ನಂಬರ್‌ಗಳು. ನೋಟಿಸ್ ಸಾಲಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. “ಅಣ್ಣಾ, ಇಲ್ಲಿ ಕ್ಯಾಲೆಂಡರ್ ಅನ್ನೋ ಪದ ಬಿಟ್ಟೋಗಿದೆ. ಕೇಳ್ತಾ ಇದೀನಿ.”